ಉಬ್ಬಿದ ಅಕ್ಷರವೋ, ಕೊರೆದ ಅಕ್ಷರವೋ: ಹಟ್ಟಿಯ ಬಾಗಿಲಿಗೊಂದು ನಾಮಫಲಕ

ರಾಯಚೂರು ಜಿಲ್ಲೆಯ ಈ ಭಾಗದಲ್ಲಿ ಅಕ್ಷರವನ್ನು ಗಟ್ಟಿ ವಸ್ತುವಿನ ಮೇಲೆ ಮೂಡಿಸುವ ಎರಡೂ ಪದ್ಧತಿಗಳಿಗೆ ಹಳೆಯ ಸಾಕ್ಷಿಗಳಿವೆ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಕೊರೆದದ್ದು. ಬ್ರಾಹ್ಮಿ ಅಕ್ಷರಗಳು ಕಲ್ಲಿನೊಳಗೆ ಇಳಿದಿವೆ. 1915ರಲ್ಲಿ ಅದನ್ನು ಮೊದಲು ಗುರುತಿಸಿದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ದೇವಾನಾಂಪ್ರಿಯನೆಂಬ ಬಿರುದಿನ ಜೊತೆ ಅಶೋಕನ ಹೆಸರೂ ಅಲ್ಲಿದ್ದುದರಿಂದ ಆ ಶಾಸನ ಪ್ರಸಿದ್ಧವಾಯಿತು. ಎರಡು ಸಾವಿರ ವರ್ಷ ದಾಟಿದ ಮೇಲೆ ಕೆಲವು ಭಾಗ ಸವೆದಿದ್ದರೂ ಆ ಹೆಸರು ಓದಲು ಸಿಕ್ಕಿತು. ಇನ್ನೊಂದು ಪದ್ಧತಿ ಬಹಮನಿ ಮತ್ತು ಆದಿಲ್‌ಶಾಹಿ ಕಾಲದ್ದು. ಆ ಕಾಲದ ಪಾರ್ಸಿ, ಅರಬ್ಬಿ ಶಾಸನಗಳಲ್ಲಿ ಸಾಮಾನ್ಯವಾಗಿ ಸುತ್ತಲಿನ ಕಲ್ಲನ್ನು ಕೆತ್ತಿ ತೆಗೆದು ಅಕ್ಷರವನ್ನು ಉಬ್ಬಾಗಿ ಉಳಿಸುತ್ತಿದ್ದರು. ನಮ್ಮ ಕನ್ನಡದ ಕಲ್ಬರಹಗಳು ಬಹುತೇಕ ಕೊರೆದವು.

ಈಗ ಅದೇ ಪ್ರಶ್ನೆ ಪ್ಲಾಸ್ಟಿಕ್ಕಿನ ಫಲಕಕ್ಕೆ ಬಂದಿದೆ. ಹಟ್ಟಿಯ ಗಣಿ ಕ್ಯಾಂಪಿನ ಕ್ವಾರ್ಟರ್ಸ್ ಬಾಗಿಲಿಗೋ, ಲಿಂಗಸುಗೂರಿನ ಹೊಸ ಮನೆಯ ಗೇಟಿಗೋ ತ್ರೀಡಿ ಪ್ರಿಂಟರಿನಲ್ಲಿ ಒಂದು ನಾಮಫಲಕ ಮಾಡಬೇಕು ಎಂದುಕೊಳ್ಳಿ. ಕಲ್ಲು ಕುಟಿಗನಿಗೆ ಉಬ್ಬಕ್ಷರವೆಂದರೆ ಹಲವು ಪಟ್ಟು ಹೆಚ್ಚಿನ ದುಡಿಮೆ. ಪ್ರಿಂಟರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಶ್ರಮ. ಹಾಗಾಗಿ ಆಯ್ಕೆಯನ್ನು ಬೇರೆ ಕಾರಣಗಳ ಮೇಲೆ ಮಾಡಬೇಕಾಗುತ್ತದೆ. ಗೆರೆ ಎಷ್ಟು ಸಣ್ಣದಾಗಬಹುದು, ಎಷ್ಟು ಎತ್ತರ ಅಥವಾ ಆಳ ಬೇಕು, ನಮ್ಮ ಬಿಸಿಲು ಮತ್ತು ಧೂಳು ಅದನ್ನು ಏನು ಮಾಡುತ್ತವೆ ಎನ್ನುವುದೇ ಆ ಕಾರಣಗಳು. ಕನ್ನಡದ ಮಟ್ಟಿಗೆ ಇವೆಲ್ಲಕ್ಕಿಂತ ಮೊದಲು ಬರುವುದು ಒತ್ತಕ್ಷರ.

ಉದಾಹರಣೆಗೆ ನಮ್ಮ ಕಡೆ ಬೀದಿಗೊಂದರಂತೆ ಸಿಗುವ ಮನೆ ಹೆಸರನ್ನೇ ತೆಗೆದುಕೊಳ್ಳೋಣ: ‘ಲಕ್ಷ್ಮೀ ನಿಲಯ’. ಇದರಲ್ಲಿ ‘ನಿಲಯ’ ಯಾವ ಯಂತ್ರಕ್ಕೂ ಕಷ್ಟವಲ್ಲ. ಕಷ್ಟವೆಲ್ಲ ‘ಕ್ಷ್ಮೀ’ಯಲ್ಲಿದೆ. ಕಕಾರಕ್ಕೆ ಷಕಾರದ ಒತ್ತು, ಅದರ ಜೊತೆಗೆ ಮಕಾರದ ಒತ್ತು, ಬದಿಯಲ್ಲಿ ದೀರ್ಘ. ಒತ್ತುಗಳು ಮುಖ್ಯ ಅಕ್ಷರಕ್ಕಿಂತ ಚಿಕ್ಕವು. ಷಕಾರದ ಹೊಟ್ಟೆಯೊಳಗೆ ಒಂದು ಗೀಟು, ಮಕಾರದಲ್ಲಿ ಸುತ್ತುಗಳು. ಇಡೀ ಫಲಕದಲ್ಲಿ ಅತಿ ಸಣ್ಣ ಗೆರೆಯೂ ಅತಿ ಸಣ್ಣ ಸಂದೂ ಅಲ್ಲೇ ಸಿಗುತ್ತವೆ. ಇಂಗ್ಲಿಷ್ ದೊಡ್ಡಕ್ಷರಗಳನ್ನು ಇಟ್ಟುಕೊಂಡು ಯಾರೋ ಹೇಳಿದ ಕನಿಷ್ಠ ಅಳತೆಯನ್ನು ‘ಲ’ ಅಕ್ಷರಕ್ಕೆ ಹೊಂದಿಸಿದರೆ ಕೆಲಸ ಕೆಡುವುದು ಖಚಿತ. ಅಳತೆ ಹಿಡಿಯಬೇಕಾದ್ದು ಒತ್ತಿನೊಳಗೆ.

ಮೊದಲು ಯಂತ್ರದ ಮಿತಿ. ಸಾಮಾನ್ಯ ಪ್ರಿಂಟರಿನ ನಾಝಲ್ ತೂತು 0.4 ಮಿ.ಮೀ. ಅದು ಎಳೆಯುವ ಒಂದು ಪ್ಲಾಸ್ಟಿಕ್ ಎಳೆ ಸುಮಾರು 0.45 ಮಿ.ಮೀ. ಅಗಲವಾಗಿರುತ್ತದೆ. ಉಬ್ಬಕ್ಷರದ ಗೆರೆಯೊಂದು ಗಟ್ಟಿಯಾಗಿ ನಿಲ್ಲಬೇಕಾದರೆ ಅದರೊಳಗೆ ಕನಿಷ್ಠ ಎರಡು ಎಳೆಗಳು ಅಕ್ಕಪಕ್ಕ ಕೂರಬೇಕು. ಅಂದರೆ ಸುಮಾರು 0.9 ಮಿ.ಮೀ. ಒಂದೇ ಎಳೆಯ ಗೆರೆಯನ್ನೂ ಯಂತ್ರ ಎಳೆಯಬಲ್ಲದು. ಆದರೆ ಅದು ಉಗುರು ತಾಗಿದರೂ ಕಿತ್ತು ಬರಬಹುದು, ತಿರುವುಗಳಲ್ಲಿ ಅಂಚು ಒರಟಾಗುತ್ತದೆ. 0.9ಕ್ಕೂ 0.45ಕ್ಕೂ ನಡುವಿನ ಅಗಲ ಇನ್ನೂ ತೊಂದರೆಯದು. ಎರಡು ಎಳೆಗೆ ಜಾಗ ಸಾಲದು, ಒಂದಕ್ಕೆ ಹೆಚ್ಚು. ಹಳೆಯ ಸ್ಲೈಸರ್‌ಗಳು ಇಂಥ ಕಡೆ ಗೆರೆಯನ್ನೇ ಬಿಟ್ಟುಬಿಡುತ್ತಿದ್ದವು, ಇಲ್ಲವೇ ನಡುವೆ ಸೀಳು ಉಳಿಸುತ್ತಿದ್ದವು. 2022ರ ಸುಮಾರಿಗೆ ಕ್ಯೂರಾ ಮತ್ತು ಪ್ರೂಸಾಸ್ಲೈಸರ್‌ಗಳಿಗೆ ಬಂದ ಅರಾಕ್ನೆ ವಿಧಾನ ಎಳೆಯ ಅಗಲವನ್ನೇ ಹಿಗ್ಗಿಸಿ ಕುಗ್ಗಿಸಿ ಇದನ್ನು ಸಾಕಷ್ಟು ಸರಿಮಾಡಿದೆ. ಹಾಗಿದ್ದರೂ 0.9 ಎನ್ನುವ ಗಡಿಯನ್ನು ನಾನು ಬಿಡುವುದಿಲ್ಲ.

ಎರಡು ಉಬ್ಬುಗಳ ನಡುವಿನ ಸಂದಿಗೆ ಬೇರೆ ಲೆಕ್ಕ. ಕರಗಿದ ಪ್ಲಾಸ್ಟಿಕ್ ಹಚ್ಚಿದ ಜಾಗದಿಂದ ಕೂದಲೆಳೆಯಷ್ಟು ಹೊರಗೆ ಚಾಚುತ್ತದೆ, ಒಂದೊಂದು ಅಂಚಿಗೆ 0.05ರಿಂದ 0.1 ಮಿ.ಮೀ. ಎಂದಿಟ್ಟುಕೊಳ್ಳಬಹುದು. ಆದ್ದರಿಂದ ಚಿತ್ರದಲ್ಲಿ 0.6 ಮಿ.ಮೀ. ಇರುವ ಸಂದು ಕೈಗೆ ಬರುವಾಗ 0.4ರಿಂದ 0.5 ಆಗಿರುತ್ತದೆ. ಚಿತ್ರದಲ್ಲಿ 0.4 ಇದ್ದರೆ ಅದು ಮುಚ್ಚಿಹೋಗುವ ಸಂಭವವೇ ಹೆಚ್ಚು.

ಉಬ್ಬು ಮತ್ತು ತಗ್ಗಿನ ವಾದದ ತಿರುಳು ಈ ಹೊರಚಾಚಿನಲ್ಲಿದೆ. ಉಬ್ಬಕ್ಷರದಲ್ಲಿ ಗೆರೆ ಪ್ಲಾಸ್ಟಿಕ್, ಸಂದು ಗಾಳಿ. ಪ್ಲಾಸ್ಟಿಕ್ ಹೊರಗೆ ಚಾಚಿದಾಗ ಗೆರೆ ದಪ್ಪವಾಗುತ್ತದೆ, ಒತ್ತಿನ ಹೊಟ್ಟೆ ಮುಚ್ಚುತ್ತದೆ. ಕೊರೆದ ಅಕ್ಷರದಲ್ಲಿ ಗೆರೆಯೇ ಗಾಳಿ, ಸುತ್ತಲಿನದು ಪ್ಲಾಸ್ಟಿಕ್. ಅಲ್ಲಿ ಅದೇ ಚಾಚು ಗೆರೆಯನ್ನು ಸಣಕಲು ಮಾಡುತ್ತದೆ. ಹೀಗಾಗಿ ಒಂದೇ ಫಾಂಟು ಉಬ್ಬಿದಾಗ ತುಸು ದಪ್ಪವಾಗಿಯೂ ಕೊರೆದಾಗ ತುಸು ತೆಳ್ಳಗೂ ಮೂಡುತ್ತದೆ. ಎರಡಕ್ಕೂ ಒಂದೇ ಕಡತ ಬಳಸಿ, ಒಂದು ಚೆನ್ನಾಗಿ ಬಂತು ಇನ್ನೊಂದು ಬರಲಿಲ್ಲ ಎಂದು ತೀರ್ಪು ಕೊಡುವುದು ನ್ಯಾಯವಲ್ಲ. ಉಬ್ಬಿಗೆ ಒಂದು ಮೆಟ್ಟಿಲು ತೆಳುವಾದ ತೂಕದ ಫಾಂಟು, ತಗ್ಗಿಗೆ ಒಂದು ಮೆಟ್ಟಿಲು ದಪ್ಪದ್ದು ಬೇಕು. ಅನೇಕ್ ಕನ್ನಡದಂಥ, ತೂಕವನ್ನು ಹಂತಹಂತವಾಗಿ ಬದಲಿಸಬಹುದಾದ ಫಾಂಟುಗಳು ಇಲ್ಲಿ ನಿಜವಾಗಿ ಉಪಕಾರಿ. ಕಾಗದದ ಮೇಲೆ ಸೊಗಸಾಗಿ ಕಾಣುವ, ಗೆರೆ ಒಂದೆಡೆ ಸಣ್ಣ ಒಂದೆಡೆ ದಪ್ಪವಾಗಿರುವ ಪುಸ್ತಕದ ಅಕ್ಷರಗಳು ಎರಡು ಬಗೆಗೂ ಒಗ್ಗುವುದಿಲ್ಲ.

ಈಗ ನಮ್ಮ ಫಲಕವನ್ನು ಅಳೆಯೋಣ. ‘ಲ’ ಅಕ್ಷರದ ಎತ್ತರ 18 ಮಿ.ಮೀ. ಇಟ್ಟಾಗ, ಆರಿಸಿದ ದಪ್ಪ ಫಾಂಟಿನ ಷಕಾರದ ಒತ್ತಿನಲ್ಲಿ ಗೆರೆ 0.95 ಮಿ.ಮೀ., ಒಳಗಿನ ಸಂದು 0.55 ಮಿ.ಮೀ. ಇದೆ ಎನ್ನೋಣ. ಉಬ್ಬಾಗಿ ಮಾಡಿದರೆ ಗೆರೆ ಎರಡು ಎಳೆಗೆ ಸರಿಯಾಗಿ ಕೂರುತ್ತದೆ. ಆದರೆ ಸಂದು ಚಾಚಿನ ನಂತರ 0.35–0.45ಕ್ಕೆ ಇಳಿದು ಒತ್ತು ಒಂದು ಗಂಟಿನಂತೆ ಕಾಣುತ್ತದೆ. ಅದನ್ನೇ ಕೊರೆದರೆ ಗೆರೆ 0.75–0.85 ಅಗಲದ ಕಾಲುವೆಯಾಗುತ್ತದೆ, ಅದೇನೂ ಕಷ್ಟವಲ್ಲ. ಕಷ್ಟ ಇರುವುದು ಮೊದಲು ಸಂದಾಗಿದ್ದ 0.55ರ ಜಾಗದಲ್ಲಿ. ಈಗ ಅದು ಎರಡು ಕಾಲುವೆಗಳ ನಡುವಿನ ಬದು. ಒಂದೇ ಎಳೆಯ ಬದು ಅದು, ಒರೆಸುವ ಬಟ್ಟೆಗೆ ಸಿಕ್ಕಿ ಮುರಿದರೆ ಒತ್ತು ಒಂದು ಗುಂಡಿಯಾಗುತ್ತದೆ. ಅಂದರೆ ದಪ್ಪ ಫಾಂಟಿನಲ್ಲಿ ಎರಡು ಪದ್ಧತಿಗಳೂ ಸೋಲುವುದು ಒಂದೇ ಜಾಗದಲ್ಲಿ. ಒಂದರಲ್ಲಿ ಆ ಜಾಗ ಮುಚ್ಚಿಕೊಳ್ಳುತ್ತದೆ, ಇನ್ನೊಂದರಲ್ಲಿ ಕಿತ್ತುಹೋಗುತ್ತದೆ.

ಫಾಂಟನ್ನು ತುಂಬ ತೆಳ್ಳಗೆ ಮಾಡಿ, ಗೆರೆ 0.5, ಸಂದು 1 ಮಿ.ಮೀ. ಎಂದಿಟ್ಟರೆ ಸೋಲು ಗೆರೆಗೆ ದಾಟುತ್ತದೆ. ಉಬ್ಬಿನ ಗೆರೆ ಒಂಟಿ ಎಳೆಯಾಗಿ ಕಿತ್ತುಬರುತ್ತದೆ, ತಗ್ಗಿನ ಗೆರೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಒತ್ತಿನೊಳಗೆ ಗೆರೆ ಮತ್ತು ಸಂದು ಹತ್ತಿರಹತ್ತಿರ ಸಮವಾಗಿರುವ ತೂಕವನ್ನು ಹುಡುಕಿ, ಆಮೇಲೆ ಇಡೀ ಅಕ್ಷರವನ್ನು ದೊಡ್ಡದು ಮಾಡುವುದೇ ದಾರಿ. ಮೇಲಿನ ಫಾಂಟನ್ನೇ 30 ಮಿ.ಮೀ.ಗೆ ಏರಿಸಿದರೆ ಗೆರೆ ಸುಮಾರು 1.6, ಸಂದು 0.9 ಆಗುತ್ತದೆ. ಆಗ ಎರಡೂ ಪದ್ಧತಿಗಳು ನಿಲ್ಲುತ್ತವೆ.

ದೊಡ್ಡದು ಮಾಡಲು ಜಾಗವಿಲ್ಲದಿದ್ದರೆ ಅಂಚನ್ನೇ ಒಳಕ್ಕೋ ಹೊರಕ್ಕೋ ಸರಿಸಬಹುದು. ಓಪನ್‌ಎಸ್‌ಕ್ಯಾಡ್‌ನಲ್ಲಿ ಅದು ಇಷ್ಟೇ:

```
translate([0, 0, 3])
linear_extrude(0.8)
  offset(delta = -0.08)
    text("ಲಕ್ಷ್ಮೀ", size = 30,
         font = "Noto Sans Kannada:style=Medium",
         language = "kn", script = "knda");
```

ಇಲ್ಲಿ ಫಲಕದ ದಪ್ಪ 3 ಮಿ.ಮೀ., ಅಕ್ಷರದ ಉಬ್ಬು 0.8. ಪ್ರತಿ ಅಂಚು 0.08 ಒಳಸರಿಯುವುದರಿಂದ ಗೆರೆ 0.16 ಕಡಿಮೆಯಾಗಿ ಸಂದು ಅಷ್ಟೇ ಹೆಚ್ಚುತ್ತದೆ, ಯಂತ್ರದ ಚಾಚು ಅದನ್ನು ಮತ್ತೆ ತುಂಬಿಕೊಡುತ್ತದೆ. ಕೊರೆಯುವುದಾದರೆ ಆ ಸಂಖ್ಯೆಯ ಮುಂದಿನ ಋಣಚಿಹ್ನೆ ತೆಗೆದು, ಬಂದ ಆಕಾರವನ್ನು 0.8 ಕೆಳಗಿಳಿಸಿ (ಅಂದರೆ translateನ 3ರ ಬದಲು 2.2) ಫಲಕದಿಂದ ಕಳೆಯಬೇಕು. ಇನ್ನೊಂದು ಮಾತು: ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹೆಸರನ್ನು ಇಂಥ ಕಡೆ ಅಂಟಿಸಿದರೆ ಕನ್ನಡವೇ ಬರುವುದಿಲ್ಲ. ಯೂನಿಕೋಡ್ ಇದ್ದರೂ ಕೆಲವು ವಿನ್ಯಾಸದ ತಂತ್ರಾಂಶಗಳು ಒತ್ತನ್ನು ಕೂಡಿಸದೆ ‘ಕ್’ ‘ಷ್’ ‘ಮೀ’ ಎಂದು ಬಿಡಿಬಿಡಿಯಾಗಿ ತೋರಿಸುತ್ತವೆ. ಹಾಗಾದಾಗ ಇಂಕ್‌ಸ್ಕೇಪ್‌ನಲ್ಲಿ ಹೆಸರು ಬರೆದು, ಅಕ್ಷರವನ್ನು ಗೆರೆಚಿತ್ರವಾಗಿ ಬದಲಿಸಿ ತರುವುದು ಸುರಕ್ಷಿತ.

ಇನ್ನು ಎತ್ತರ ಮತ್ತು ಆಳ. ಒಂದು ಲೇಯರ್ 0.2 ಮಿ.ಮೀ. ಆದರೆ ಉಬ್ಬು 0.6, 0.8, 1.0 ಹೀಗೆ ಅದರ ಗುಣಕಗಳಲ್ಲೇ ಇರಬೇಕು. 0.7 ಎಂದು ಕೊಟ್ಟರೆ ಯಂತ್ರ ತನಗೆ ತೋಚಿದ ಕಡೆ ಸರಿಸುತ್ತದೆ. ಎರಡು ಬಣ್ಣದ ಫಲಕದಲ್ಲಿ ಕೆಳಗಿನ ಮಿತಿ ಬಣ್ಣದಿಂದ ಬರುತ್ತದೆ. ಕಪ್ಪು ಫಲಕದ ಮೇಲೆ ಬಿಳಿ ಅಕ್ಷರ ಎರಡೇ ಲೇಯರ್ ಇದ್ದರೆ ಕಪ್ಪು ಹಣಕುತ್ತದೆ, ಅಕ್ಷರ ಬೂದಿಯಾಗಿ ಕಾಣುತ್ತದೆ. ಮೂರು ಲೇಯರ್ ಪರವಾಗಿಲ್ಲ, ನಾಲ್ಕು ಚೆನ್ನ, ಅಂದರೆ 0.8. ಕೊರೆದ ಫಲಕದಲ್ಲಿಯೂ ಇದೇ ಉಪಾಯ ತಲೆಕೆಳಗಾಗಿ ನಡೆಯುತ್ತದೆ: ಅಡಿ ಭಾಗ ಕಪ್ಪು, ಮೇಲಿನ 0.8 ಬಿಳಿ, ಅಕ್ಷರವನ್ನು ಆ ಬಿಳಿಯ ಪೂರ್ತಿ ದಪ್ಪದಷ್ಟು ಕೊರೆದರೆ ತಳದಲ್ಲಿ ಕಪ್ಪು ಕಾಣುತ್ತದೆ. ಎರಡಕ್ಕೂ ಯಂತ್ರವನ್ನು ನಡುವೆ ಒಮ್ಮೆ ನಿಲ್ಲಿಸಿ ಪ್ಲಾಸ್ಟಿಕ್ ಸುರುಳಿ ಬದಲಿಸಿದರೆ ಸಾಕು.

ಮೇಲಿನ ಮಿತಿಯನ್ನು ಗೊತ್ತುಮಾಡುವುದು ನೆರಳು. ‘ಎತ್ತಿ ಕಾಣಲಿ’ ಎಂದು 2 ಮಿ.ಮೀ. ಉಬ್ಬಿಸುವವರು ಈ ಲೆಕ್ಕವನ್ನು ಗಮನಿಸಬೇಕು. ಗೋಡೆಗೆ ನೇರ ಎದುರಿನಿಂದ ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ 0.8 ಮಿ.ಮೀ. ಉಬ್ಬಿನ ನೆರಳು ಕೆಳಕ್ಕೆ ಸುಮಾರು 0.5 ಮಿ.ಮೀ. ಚಾಚುತ್ತದೆ. 60 ಡಿಗ್ರಿಗೆ ಏರಿದಾಗ 1.4 ಮಿ.ಮೀ. ನಮ್ಮ ಒತ್ತಿನ ಸಂದು 0.9 ಮಾತ್ರ. ಅಂದರೆ ಬಿಸಿಲೇರಿದ ಹೊತ್ತಿಗೆ ಆ ಸಂದು ಪೂರ್ತಿ ನೆರಳಲ್ಲಿ ಮುಳುಗುತ್ತದೆ. ಹಿನ್ನೆಲೆ ಕಪ್ಪು, ಅಕ್ಷರ ಬಿಳಿ ಆಗಿದ್ದರೆ ನೆರಳು ಕಪ್ಪಿನಲ್ಲಿ ಸೇರಿಹೋಗಿ ಓದಿಗೆ ಸಹಾಯವೇ ಆಗುತ್ತದೆ. ಹಿನ್ನೆಲೆ ತಿಳಿಯಾಗಿ ಅಕ್ಷರ ಕಪ್ಪಾಗಿದ್ದರೆ ಅದೇ ನೆರಳು ಒತ್ತನ್ನು ನುಂಗುತ್ತದೆ. ಒಂದೇ ಬಣ್ಣದ ಫಲಕವಾದರೆ ಅಕ್ಷರ ಕಾಣಿಸುವುದೇ ನೆರಳಿನಿಂದ. ಅಲ್ಲಿ ಉಬ್ಬು 1ರಿಂದ 1.2 ಬೇಕಾಗಬಹುದು, ಆದರೆ ಸಂದುಗಳನ್ನೂ ಅದಕ್ಕೆ ತಕ್ಕಂತೆ ಅಗಲಿಸಬೇಕು.

ಕೊರೆದ ಅಕ್ಷರದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇಲ್ಲಿದೆ. ಅದರ ನೆರಳು ಬೀಳುವುದು ಅಕ್ಷರದೊಳಗೇ. ಕಾಲುವೆಯ ಮೇಲಂಚಿನ ನೆರಳು ತಳವನ್ನು ಕಪ್ಪಾಗಿಸುತ್ತದೆ, ಸುತ್ತಲಿನ ಮೇಲ್ಮೈ ಬೆಳಗುತ್ತಲೇ ಇರುತ್ತದೆ. ಏರಿದ ಬಿಸಿಲಿನಲ್ಲಿ ಅಡ್ಡಗೆರೆಗಳು ಇನ್ನಷ್ಟು ಎದ್ದು ಕಾಣುತ್ತವೆ. ಉದ್ದಗೆರೆಗಳಿಗೆ ಮಾತ್ರ ಈ ಲಾಭವಿಲ್ಲ. ನೆತ್ತಿಯ ಮೇಲಿನ ಬೆಳಕು ಅವುಗಳ ತಳದವರೆಗೆ ಇಳಿಯುತ್ತದೆ. ಕನ್ನಡದ ದುಂಡು ಅಕ್ಷರಗಳಲ್ಲಿ ಕಮಾನುಗಳ ಮೇಲು ಕೆಳಗು ಕಪ್ಪಾಗಿ, ಬದಿಗಳು ಪೇಲವವಾಗಿ ಕಾಣುವುದು ಇದರಿಂದಲೇ. ತಳಕ್ಕೆ ಬಣ್ಣವಿದ್ದರೆ ಈ ಕೊರತೆ ನೀಗುತ್ತದೆ.

ಕೊರೆದದ್ದರ ಇನ್ನೊಂದು ಹೆಚ್ಚುಗಾರಿಕೆ ಪೆಟ್ಟು ತಾಳುವುದು. ಶಾಲಾ ಮಕ್ಕಳ ಚೀಲ, ಗೇಟಿಗೆ ಒರಗಿಸಿದ ಸೈಕಲ್ಲು, ತೆರೆದುಕೊಂಡು ಬಡಿಯುವ ಬಾಗಿಲು, ಇವೆಲ್ಲ ಮೊದಲು ತಾಗುವುದು ಉಬ್ಬಿಗೆ. ಮುಖ್ಯ ಅಕ್ಷರ ಉಳಿಯುತ್ತದೆ, ಕಿತ್ತು ಬೀಳುವುದು ಚಿಕ್ಕ ಒತ್ತು, ಏಕೆಂದರೆ ಅದು ಫಲಕಕ್ಕೆ ಅಂಟಿರುವ ಜಾಗವೇ ಕಡಿಮೆ. ಲೇಯರುಗಳ ನಡುವಿನ ಬೆಸುಗೆ ಪ್ಲಾಸ್ಟಿಕ್ಕಿನ ದುರ್ಬಲ ದಿಕ್ಕು. ಬಣ್ಣ ಬದಲಿಸಲು ಯಂತ್ರ ನಿಲ್ಲಿಸಿದಾಗ ಅಡಿ ಭಾಗ ತಣಿದು ಆ ಬೆಸುಗೆ ಇನ್ನಷ್ಟು ಸಡಿಲವಾಗುತ್ತದೆ. ಸುರುಳಿ ಬದಲಿಸಿದ ಕೂಡಲೇ ಮುಂದುವರಿಸುವುದು, ಅಕ್ಷರದ ಮೊದಲ ಲೇಯರನ್ನು ಐದಾರು ಡಿಗ್ರಿ ಹೆಚ್ಚು ಬಿಸಿಯಲ್ಲಿ ಹಾಕುವುದು ಇದಕ್ಕೆ ಮದ್ದು. ಹೆಬ್ಬೆರಳಿನ ಉಗುರಿನಿಂದ ಒತ್ತನ್ನು ಬದಿಗೆ ತಳ್ಳಿದಾಗ ಅಲುಗದಿದ್ದರೆ ಬೆಸುಗೆ ಹಿಡಿದಿದೆ ಎಂದರ್ಥ.

ಹಾಗಾದರೆ ಉಬ್ಬಿನ ಪರ ಏನಿದೆ? ನಮ್ಮ ಊರಿನ ಧೂಳು. ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಗಾಳಿ ಎದ್ದರೆ 0.8 ಮಿ.ಮೀ. ಕಾಲುವೆ ತುಂಬಲು ಹೆಚ್ಚು ದಿನ ಬೇಡ. ಮಳೆ ಹನಿದರೆ ಅದು ಕೆಸರಾಗಿ ಗಟ್ಟಿಯಾಗುತ್ತದೆ, ಒತ್ತಿನ ಮೂಲೆಗಳಿಂದ ತೆಗೆಯಲು ಹಲ್ಲುಜ್ಜುವ ಬ್ರಷ್ಷೇ ಬೇಕು. ಬಿಳಿ ತಳದ ಅಕ್ಷರವಾದರಂತೂ ಕಪ್ಪುಮಣ್ಣು ಸೇರಿ ಹೆಸರೇ ಮಾಸುತ್ತದೆ. ಉಬ್ಬಿನಲ್ಲೂ ಸಂದುಗಳಲ್ಲಿ ಧೂಳು ಕೂರುತ್ತದೆ, ಆದರೆ ಅದು ಹಿನ್ನೆಲೆಯ ಮೇಲೆ. ಅಕ್ಷರದ ಮುಖ ಒದ್ದೆ ಬಟ್ಟೆಯ ಒಂದೇ ಸವರಿಗೆ ಸ್ವಚ್ಛವಾಗುತ್ತದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗ ಫಲಕಕ್ಕೆ ಸಿಡಿದ ಹನಿಯೂ ಹಾಗೆಯೇ, ಬಾಗಿಲಿಗೆ ಹಚ್ಚುವ ಅರಿಶಿನ ಕುಂಕುಮವೂ ಹಾಗೆಯೇ. ಕೊರೆದದ್ದರೊಳಗೆ ಹೋದ ಸುಣ್ಣ ಅಲ್ಲೇ ನಿಲ್ಲುತ್ತದೆ.

ಬಣ್ಣ ಮಾಸಿದಾಗಿನ ದುರಸ್ತಿಯಲ್ಲೂ ಉಬ್ಬು ಮುಂದಿದೆ. ಚಿಕ್ಕ ರೋಲರಿಗೆ ಬಣ್ಣ ಹಚ್ಚಿ ಮೇಲಿಂದ ಉರುಳಿಸಿದರೆ ಅಕ್ಷರದ ಮುಖ ಮಾತ್ರ ಬಣ್ಣ ಹಿಡಿಯುತ್ತದೆ. ಕೊರೆದದ್ದಕ್ಕೆ ಬಣ್ಣ ತುಂಬಿ ಮೇಲ್ಮೈ ಒರೆಸುವುದು ಕೇಳಲು ಸುಲಭ. ಆದರೆ ಪ್ರಿಂಟ್ ಆದ ಮೇಲ್ಮೈಯಲ್ಲಿ ಎಳೆಎಳೆಯ ನಡುವೆ ಕಣ್ಣಿಗೆ ಕಾಣದ ಗೀರುಗಳಿವೆ, ತೆಳು ಬಣ್ಣ ಆ ಗೀರುಗಳಲ್ಲಿ ಹರಿದು ಅಕ್ಷರದ ಅಂಚಿನಿಂದ ಮೀಸೆ ಮೂಡಿಸುತ್ತದೆ. ಮೊದಲು ಪಾರದರ್ಶಕ ವಾರ್ನಿಷ್ ಹೊಡೆದು ಒಣಗಿಸಿ ಆಮೇಲೆ ತುಂಬಿದರೆ ಇದು ತಪ್ಪುತ್ತದೆ. ಅಕ್ಷರದ ಮುಖ ಕೆಳಗಾಗುವಂತೆ ಪ್ರಿಂಟ್ ಮಾಡಿ ನುಣುಪು ಪಡೆಯುವವರೂ ಇದ್ದಾರೆ. ಕೊರೆದ ಅಕ್ಷರಕ್ಕೆ ಅದು ಅಪಾಯ: ಮೊದಲ ಲೇಯರು ಹಾಸಿಗೆಗೆ ಒತ್ತಿ ಅಗಲವಾಗಿ ಕಾಲುವೆಯ ಬಾಯಿಯನ್ನು ಕಿರಿದು ಮಾಡುತ್ತದೆ, ಕಾಲುವೆಯ ತಳವೋ ಗಾಳಿಯಲ್ಲಿ ಎಳೆದ ಸೇತುವೆಯಾಗಿ ಜೋಲುತ್ತದೆ.

ಬಿಸಿಲಿನ ಇನ್ನೊಂದು ಪರಿಣಾಮ ಎರಡು ಪದ್ಧತಿಗಳಿಗೂ ಸಮಾನ. ಅಗ್ಗವಾಗಿ, ಸುಲಭವಾಗಿ ಪ್ರಿಂಟ್ ಆಗುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಗಾಳಿಯೇ 40 ದಾಟುತ್ತದೆ, ಪಡುವಣ ಗೋಡೆಯ ಮೇಲಿನ ಕಪ್ಪು ಫಲಕ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಅಕ್ಷರಗಳು ಕರಗುವುದಿಲ್ಲ, ಫಲಕವೇ ಸ್ಕ್ರೂಗಳ ನಡುವೆ ಹಪ್ಪಳದಂತೆ ಬಾಗುತ್ತದೆ. ಬಯಲಿಗೆ ಪಿಇಟಿಜಿ (ಸುಮಾರು 80 ಡಿಗ್ರಿ ತಾಳುತ್ತದೆ) ಅಥವಾ ಎಎಸ್‌ಎ (ಸುಮಾರು 100) ಬೇಕು. ಪಿಇಟಿಜಿಗೆ ನೂಲು ಬಿಡುವ ಚಾಳಿಯಿದೆ. ನಾಝಲ್ ಒಂದು ಉಬ್ಬಿನಿಂದ ಇನ್ನೊಂದಕ್ಕೆ ಹಾರುವಾಗ ಸಂದಿನಲ್ಲಿ ಜೇಡರ ಬಲೆಯಂಥ ಎಳೆ ಉಳಿಯುತ್ತದೆ. ಸುರುಳಿಯನ್ನು ಒಣಗಿಸಿ ಬಳಸಿದರೆ ಇದು ಬಹಳ ಕಡಿಮೆಯಾಗುತ್ತದೆ. ಕೊರೆದ ಫಲಕದ ಮೇಲಿನ ಲೇಯರುಗಳು ಬಹುತೇಕ ಒಂದೇ ಹಾಸು, ಅಲ್ಲಿ ಹಾರಾಟ ಕಡಿಮೆ, ನೂಲೂ ಕಡಿಮೆ. ಈ ಅಂಕ ಕೊರೆದದ್ದಕ್ಕೆ ಸಲ್ಲಬೇಕು.

ಯಂತ್ರಕ್ಕೆ ಸಾಧ್ಯವಾದದ್ದು ಕಣ್ಣಿಗೆ ಕಾಣಬೇಕೆಂದಿಲ್ಲ. ಒಳ್ಳೆಯ ದೃಷ್ಟಿಯ ಕಣ್ಣು ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಸಂದು 2 ಮೀಟರ್ ದೂರದಿಂದ ಸುಮಾರು 0.6 ಮಿ.ಮೀ., 5 ಮೀಟರಿನಿಂದ ಸುಮಾರು 1.5. ಕ್ವಾರ್ಟರ್ಸಿನ ಬಾಗಿಲ ಮುಂದೆ ನಿಂತು ಓದುವ ಫಲಕಕ್ಕೆ 30 ಮಿ.ಮೀ. ಅಕ್ಷರ, 0.9ರ ಸಂದು ಸಾಕಾಗುತ್ತದೆ. ರಸ್ತೆಯಿಂದ ಓದಬೇಕಾದ ಗೇಟಿನ ಫಲಕದಲ್ಲಿ ಅದೇ ಫಾಂಟು 50 ಮಿ.ಮೀ.ಗೆ ಏರಬೇಕು. 220 ಮಿ.ಮೀ. ಹಾಸಿಗೆಯ ಪ್ರಿಂಟರಿನಲ್ಲಿ ಅಷ್ಟು ದೊಡ್ಡ ‘ಲಕ್ಷ್ಮೀ ನಿಲಯ’ ಒಂದು ಸಾಲಿನಲ್ಲಿ ಹಿಡಿಯುವುದಿಲ್ಲ. ಎರಡು ಸಾಲು ಮಾಡುವಾಗ ‘ಲಕ್ಷ್ಮೀ’ಯ ಒತ್ತುಗಳು ಕೆಳಗಿಳಿದು ‘ನಿಲಯ’ದ ಗುಡಿಸನ್ನು ತಾಗದಂತೆ ಸಾಲಿನ ಅಂತರ ಬಿಡಬೇಕು, ಅಥವಾ ಫಲಕವನ್ನು ಎರಡು ತುಂಡಾಗಿ ಮಾಡಿ ಜೋಡಿಸಬೇಕು.

ನನ್ನ ಒಲವು ಹೇಳುವುದಾದರೆ, ಬಯಲಿನ ಗೇಟಿಗೆ ಕಪ್ಪು ಅಥವಾ ಕಡುನೀಲಿಯ ಮೇಲೆ ಬಿಳಿಯ ಉಬ್ಬಕ್ಷರ, 0.8 ಎತ್ತರ, ಪಿಇಟಿಜಿ. ಧೂಳಿನ ಲೆಕ್ಕ ಅಲ್ಲಿ ಉಳಿದೆಲ್ಲವನ್ನೂ ಮೀರುತ್ತದೆ. ಮನೆಯೊಳಗಿನ ಬಾಗಿಲು, ಕಚೇರಿಯ ಮೇಜು, ಶಾಲೆಯ ಕೊಠಡಿ, ಹೀಗೆ ಕೈ ತಾಗುವುದು ಹೆಚ್ಚಿದ್ದು ಧೂಳು ಕಡಿಮೆ ಇರುವ ಕಡೆ ಎರಡು ಬಣ್ಣದ ಕೊರೆದ ಫಲಕ ಹೆಚ್ಚು ಕಾಲ ಬಾಳುತ್ತದೆ, ಒತ್ತು ಕಳೆದುಹೋಗುವ ಭಯವಿಲ್ಲ. ಯಾವುದನ್ನೇ ಆರಿಸಿದರೂ ಪೂರ್ತಿ ಫಲಕಕ್ಕೆ ಮೊದಲು ‘ಕ್ಷ್ಮೀ’ ಒಂದನ್ನೇ, ನಿಜವಾದ ಅಳತೆಯಲ್ಲಿ, 1 ಮಿ.ಮೀ. ತೆಳು ತಳದ ಮೇಲೆ ಪ್ರಿಂಟ್ ಮಾಡಿ ನೋಡಬೇಕು. ಅದಕ್ಕೂ ಮೊದಲು ಸ್ಲೈಸರಿನ ಮುನ್ನೋಟದಲ್ಲಿ ಅಕ್ಷರದ ಮೊದಲ ಲೇಯರನ್ನು ಹಿಗ್ಗಿಸಿ, ಷಕಾರದ ಒತ್ತಿನೊಳಗಿನ ಗೀಟು ಇದೆಯೇ, ಅದರ ಎರಡೂ ಬದಿಯಲ್ಲಿ ಖಾಲಿ ಜಾಗ ಉಳಿದಿದೆಯೇ ಎಂದು ನೋಡಬೇಕು. ಮುನ್ನೋಟದಲ್ಲಿ ಆ ಗೀಟು ಕಾಣದಿದ್ದರೆ ಪ್ಲಾಸ್ಟಿಕ್ಕಿನಲ್ಲೂ ಕಾಣುವುದಿಲ್ಲ.